ಬಿಲ್ಲಿಗೂ ಒಡವೆ

ಬಾಣ ಹುಡುಕಿ ತರುವ ಕೆಲಸಕ್ಕೆ ವಿದ್ಯಾರ್ಹತೆ ಬೇಕಿಲ್ಲ; ಆದ್ದರಿಂದ ಆ ಹುದ್ದೆ ನನ್ನ ಪಾಲಿಗೆ ಬಂದಿದೆ. ಅರಭಾವಿಯ ನಮ್ಮ ಹೊಲದಲ್ಲಿ ಮಣ್ಣಿನ ಒಡ್ಡಿಗೆ ಮುಂದಾಗಿ ಅಕ್ಕನ ಮಗ ಟಾರ್ಗೆಟ್ ನಿಲ್ಲಿಸಿದ್ದಾನೆ. ಇಂಡಿಯನ್ ರೌಂಡಿನ ಬಿದಿರು ಬಿಲ್ಲಿನಿಂದ ಶುರುಮಾಡಿದ ಹುಡುಗ. ಅದರಲ್ಲಿ ಸೈಟೂ ಇಲ್ಲ, ಗೀಟೂ ಇಲ್ಲ. 2028ರ ಒಲಿಂಪಿಕ್ಸಿಗೆ ಕಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ ಎಂದು ತಿಳಿದಾಗಿನಿಂದ ಕಂಪೌಂಡ್ ಬಿಲ್ಲೇ ಬಿಲ್ಲು.

“ಮಾಮಾ, ಸೈಟ್, ಸ್ಟೆಬಿಲೈಸರ್, ರಿಲೀಸ್, ಮೂರೂ ಭಾರೀವು ತಗೊಂಡ್ರ ಮುಗೀತ್ ನೋಡ್ರಿ!”

“ರೊಕ್ಕ ಆಮ್ಯಾಲ. ಮೊದಲ ಕಾಗದ ನೋಡೂಣು ಬಾ.”

ಕಾಗದ ಸುಳ್ಳು ಹೇಳುವುದಿಲ್ಲ. ಅಂದು ಆರೂ ಬಾಣ ಅಂಗೈಯಗಲದಲ್ಲಿ ಗುಂಪಾಗಿದ್ದವು, ಆದರೆ ನಡುವಿನಿಂದ 11 ಸೆಂಟಿಮೀಟರ್ ಕೆಳಗೆ. ಇದು ಸೈಟಿನ ಕೆಲಸ. ಕಣ್ಣಿನಿಂದ ಸೈಟಿನ ಚುಕ್ಕಿಗೆ ಸುಮಾರು 90 ಸೆಂಟಿಮೀಟರ್, ಟಾರ್ಗೆಟ್ಟಿಗೆ 50 ಮೀಟರ್. ಇಲ್ಲಿ 1 ಮಿಲಿಮೀಟರ್ ಸರಿದರೆ ಅಲ್ಲಿ ಐದೂವರೆ ಸೆಂಟಿಮೀಟರ್ ಸರಿಯುತ್ತದೆ. ಹಾಗಾಗಿ 2 ಮಿಲಿಮೀಟರ್ ಸಾಕು. ಯಾವ ಕಡೆಗೆ? ಬಾಣ ಬಿದ್ದ ಕಡೆಗೇ, ಅಂದರೆ ಕೆಳಕ್ಕೆ. ಸೈಟ್ ಇಳಿದರೆ ಬಿಲ್ಲು ಮೇಲೇಳುತ್ತದೆ. ಆದರೆ ಸೈಟ್ ಗುಂಪನ್ನು ಸರಿಸುತ್ತದೆಯೇ ಹೊರತು ಚಿಕ್ಕದು ಮಾಡುವುದಿಲ್ಲ. ಬಾಣಗಳು ದಿಕ್ಕಿಗೊಂದರಂತೆ ಬಿದ್ದಿದ್ದರೆ ಎಷ್ಟು ದುಬಾರಿ ಸೈಟಾದರೂ ಅಷ್ಟೇ.

ಚುಕ್ಕಿ ಹಳದಿಯ ಸುತ್ತ ಅಲೆದಾಡುತ್ತಿದ್ದರೆ ಸ್ಟೆಬಿಲೈಸರ್ ನೆನೆಯಬೇಕು. ಹಗ್ಗದ ಮೇಲೆ ನಡೆಯುವ ದೊಂಬರಾಟದವರ ಉದ್ದ ಗಳು ಇದ್ದ ಹಾಗೆ ಇದು. ತೂಕಕ್ಕಿಂತ ಅದು ಎಷ್ಟು ದೂರದಲ್ಲಿದೆ ಎಂಬುದೇ ಮುಖ್ಯ. ಹಿಡಿಯಿಂದ 25 ಸೆಂಟಿಮೀಟರಿನಲ್ಲಿದ್ದ 100 ಗ್ರಾಮನ್ನು 75ಕ್ಕೆ ಒಯ್ದರೆ ಬಿಲ್ಲು ತಿರುಗದಂತೆ ಅದು ತಡೆಯುವ ಶಕ್ತಿ ಒಂಬತ್ತು ಪಟ್ಟಾಗುತ್ತದೆ. ಅಲೆದಾಟ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆಸೆಬುರುಕತನದಿಂದ ತೂಕ ಹೇರಿದರೆ ಚುಕ್ಕಿ ಮೆಲ್ಲಗೆ ಕುಸಿಯುತ್ತದೆ, ಸಂಜೆಯ ಬಾಣಗಳು ಕೆಳಗೇ ಬೀಳುತ್ತವೆ. ಆಗ ಮುಂದಿನ ತೂಕ ಬಿಚ್ಚಬೇಕು, ಇಲ್ಲವೇ ಹಿಂದಿನ ಚಿಕ್ಕ ಕಡ್ಡಿಗೆ ಸೇರಿಸಬೇಕು. ನನ್ನ ಮುಂಭಾರಕ್ಕೂ ಇಂಥ ಏರ್ಪಾಡು ಇದೆಯೇ ಎಂದು ಕೇಳಿದೆ, ಅವನು ಉತ್ತರಿಸಲಿಲ್ಲ.

ರಿಲೀಸ್ ಮಾತ್ರ ಕಿಲಾಡಿ. ಮೂರು ಬೆರಳಿನಿಂದ ಬಿಟ್ಟರೆ ಹೆದೆ ಬೆರಳ ಸುತ್ತಿ ಪಕ್ಕಕ್ಕೆ ಹೊರಳಿ ಹೊರಡುತ್ತದೆ. ರಿಲೀಸಿನ ಕೊಕ್ಕೆಯಾದರೆ ಒಂದೇ ಬಿಂದುವಿನಿಂದ, ಹೆಚ್ಚೂಕಮ್ಮಿ ನೇರವಾಗಿ. ರಿಕರ್ವ್ ಸ್ಪರ್ಧೆಯಲ್ಲಿ ಇದಕ್ಕೆ ಅನುಮತಿಯಿಲ್ಲ. ಗುಂಡಿ ಕೈಗೆ ಸಿಕ್ಕಮೇಲೆ ಒಂದು ಚಟ ಅಂಟುತ್ತದೆ: ಚುಕ್ಕಿ ಹಳದಿಗೆ ತಾಗಿದ್ದೇ ತಡ, ಪಟ್ಟನೆ ಒತ್ತುವುದು. ಒತ್ತಿದ ಕೈ ಬಿಲ್ಲನ್ನೂ ಅಲುಗಿಸುತ್ತದೆ. ಗುರುತಿಸುವುದು ಸುಲಭ. ಮೂರು ಮೀಟರ್ ಹತ್ತಿರದಿಂದ, ಕಾಗದವಿಲ್ಲದ ಬರೀ ಹಲಗೆಗೆ ಗುರಿಯಿಟ್ಟು, ಬಿಲ್ಲು ಎಳೆದಾದ ಮೇಲೆ ಕಣ್ಣು ಮುಚ್ಚಿ ಬಿಡಬೇಕು. ಅಲ್ಲಿ ಹಿತವಾಗಿ ಹೊರಟು ಕಾಗದದೆದುರು ಕೈ ಜಗ್ಗಿದರೆ ತಪ್ಪು ಸಲಕರಣೆಯದಲ್ಲ.

ಹುಡುಗ ಈಗ ಗುಂಡಿಯ ಮೇಲೆ ಹೆಬ್ಬೆಟ್ಟನ್ನು ಸುಮ್ಮನೆ ಇಟ್ಟು, ಬೆನ್ನಿನ ಸ್ನಾಯು ಹಿಂದಕ್ಕೆಳೆದಂತೆ ಅದು ತಾನಾಗಿ ಬಿಡುವವರೆಗೆ ಕಾಯುತ್ತಾನೆ. ಹೊಸ ಸ್ಟೆಬಿಲೈಸರಿನ ಮಾತು ಸದ್ಯಕ್ಕೆ ನಿಂತಿದೆ.