ಇನ್ನೊಮ್ಮಿ ಸಾಹೇಬ್ರು

ಕರೆಂಟ್ ಹೋದರೆ ಸುರೇಬಾನದ ನೇಕಾರ ಓಣಿಯಲ್ಲಿ ಎಲ್ಲರೂ ಲೈನ್‌ಮನ್‌ನ ಮನೆತನವನ್ನು ನೆನೆಯುತ್ತಾರೆ. ಒಬ್ಬರು ಮಾತ್ರ ಮಾಳಿಗೆಯ ಕಿಡಕಿಯಿಂದ ತಲೆ ಹೊರಗೆ ಹಾಕಿ, "ಹಾಂ, ಈಗ ತಗೋಬಹುದು ನೋಡ್ರಿ!" ಎಂದು ಹಿಗ್ಗುತ್ತಾರೆ. ಕರೆಂಟ್ ಇದ್ದಾಗ ಸುತ್ತಲಿನ ಮಗ್ಗಗಳ ಖಟಪಟದಲ್ಲಿ ಅವರಿಗೆ ತಮ್ಮ ಉಸಿರೇ ಕೇಳಿಸುವುದಿಲ್ಲ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತವೆ, ರೌಟರೂ ನಿಲ್ಲುತ್ತದೆ. ಆಗ ಮೊಬೈಲ್ ಡೇಟಾ, ಲ್ಯಾಪ್‌ಟಾಪಿನ ಬ್ಯಾಟರಿ. ಬ್ಯಾಟರಿ ಮುಗಿಯುವುದರೊಳಗೆ ರಾಮಾಯಣದ ಒಂದು ಪ್ರಸಂಗ ಮುಗಿಯಬೇಕು.

ಇವರಿಗೆ ಓಣಿಯವರು ಇಟ್ಟ ಹೆಸರು ಇನ್ನೊಮ್ಮಿ ಸಾಹೇಬ್ರು. ಮಕ್ಕಳ ಕಾರ್ಟೂನ್ ಚಿತ್ರಗಳಿಗೆ ಮನೆಯಲ್ಲೇ ಕುಳಿತು ದನಿ ನಿರ್ದೇಶನ ಮಾಡುತ್ತಾರೆ. ದನಿ ಕೊಡುವವರು ಒಂದೊಂದು ಊರಿನಲ್ಲಿ, ಚಿತ್ರ ಬರೆಯುವವರು ಬೆಂಗಳೂರಿನಲ್ಲಿ, ಹೆಡ್‌ಫೋನ್ ಮಾತ್ರ ಇವರ ಕೊರಳಲ್ಲಿ. ಅದನ್ನು ಊಟಕ್ಕೂ ತೆಗೆಯುವುದಿಲ್ಲ. ಈಗ ಇಂಥವರು ತಾಲೂಕಿಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕಿ ಊಟದ ಪಂಕ್ತಿಯತ್ತ ಓಡುವಾಗ ಇವರು ನಿಂತಲ್ಲೇ ನಿಂತು, "ಸಾವಧಾನ ಅನ್ನೂಕಿಂತ ನಾಕ ಫ್ರೇಮ್ ಮೊದಲ ಅಕ್ಕಿಕಾಳ ಬಿದ್ದೂವು" ಎಂದು ತಲೆ ಅಲ್ಲಾಡಿಸುತ್ತಾರೆ.

ಒಂದು ಸೆಕೆಂಡಿಗೆ 24 ಫ್ರೇಮ್ ಎನ್ನುವುದು ಅವರ ಕಾಲಮಾನ. ಯಾರಾದರೂ ತಕರಾರು ತೆಗೆದರೆ ವಾಲ್ಟ್ ಡಿಸ್ನಿಯ ಕಥೆ ಬರುತ್ತದೆ. 1928ರಲ್ಲಿ "ಸ್ಟೀಮ್‌ಬೋಟ್ ವಿಲ್ಲಿ" ಚಿತ್ರಕ್ಕೆ ನ್ಯೂಯಾರ್ಕಿನಲ್ಲಿ ವಾದ್ಯದವರನ್ನು ಕೂರಿಸಿ ಸದ್ದು ಸೇರಿಸಲು ಹೋದಾಗ ಮೊದಲ ಸಲ ಚಿತ್ರಕ್ಕೂ ವಾದ್ಯಕ್ಕೂ ತಾಳ ಕೂಡಲಿಲ್ಲ. ಆಮೇಲೆ ಪರದೆಯ ಮೇಲೆ ಪುಟಿಯುವ ಚೆಂಡೊಂದನ್ನು ಮೂಡಿಸಿ, ಅದನ್ನು ನೋಡಿಕೊಂಡು ನುಡಿಸಿದ ಮೇಲೆ ಸರಿಯಾಯಿತು. "ಡಿಸ್ನಿ ಸಾಹೇಬರೂ ಇನ್ನೊಮ್ಮಿ ಅಂದವರ!" ಎಂದು ಮುಗಿಸುತ್ತಾರೆ. ಕಥೆ ಖರೆ. ಆದರೆ ಡಿಸ್ನಿ ಎರಡನೆಯ ಸಲ ಚೆಂಡು ಕೊಟ್ಟರು, ಇವರು ಕೊಡುವುದು ಬರೀ ಇನ್ನೊಮ್ಮಿ.

ಹೋದ ಬೇಸಿಗೆಯಲ್ಲಿ ಶಬರಿಯ ಪ್ರಸಂಗ ಬಂತು. ಶಬರಿಕೊಳ್ಳ ನಮ್ಮ ಊರಿನ ಮಗ್ಗುಲಲ್ಲೇ ಇದೆ. ರಾಮ ಶಬರಿಯನ್ನು ಕಂಡದ್ದು ಅಲ್ಲಿಯೇ ಎಂದು ನಾವೆಲ್ಲ ನಂಬಿದವರು. ಹಾಗಾಗಿ ಸಾಹೇಬರಿಗೆ ಇದು ಮನೆಯ ಕೆಲಸ. ಶಬರಿಯ ದನಿಗೆ ಬೈಲಹೊಂಗಲದ ಕಡೆಯ ಒಬ್ಬ ಅಜ್ಜಿಯನ್ನು ಹಿಡಿದರು. ಹರೆಯದಲ್ಲಿ ಕಂಪನಿ ನಾಟಕದಲ್ಲಿ ಪಾರ್ಟು ಮಾಡಿದವರು. ಮೈಕ್ ಕೆಟ್ಟ ರಾತ್ರಿಯೂ ಕಟ್ಟಕಡೆಯ ಸಾಲಿಗೆ ಮಾತು ಮುಟ್ಟಿಸಿದ ಕಂಠ. ಮೊಮ್ಮಗ ಕಾಲೇಜು ಹುಡುಗ. ಹಿತ್ತಲ ಕೋಣೆಯ ಗೋಡೆಗೆ ನಾಲ್ಕು ಕೌದಿ ಇಳಿಬಿಟ್ಟು, ಹೊದ್ದು ಮಲಗುವ ಕೌದಿಯಲ್ಲೇ ಗುಂಗು ಹೀರಿಕೊಳ್ಳುವ ಸ್ಟುಡಿಯೋ ಮಾಡಿಕೊಟ್ಟ. ಕಾಲ್ ಒಂದು ಫೋನಿನಲ್ಲಿ, ರೆಕಾರ್ಡಿಂಗ್ ಇನ್ನೊಂದು ಯಂತ್ರದಲ್ಲಿ. ಕಾಲಿನಲ್ಲಿ ಕೇಳುವ ದನಿ ನಂಬುವಂಥದ್ದಲ್ಲ. ಅದು ಗದ್ದಲವೆಂದು ತಿಳಿದು ಪಿಸುಮಾತನ್ನೇ ನುಂಗಿಬಿಡುತ್ತದೆ. ಅಜ್ಜಿಯ ಕಿವಿಗೆ ಇಯರ್‌ಫೋನ್ ಬೇಕೇ ಬೇಕು. ಇಲ್ಲವಾದರೆ ಸಾಹೇಬರ "ಇನ್ನೊಮ್ಮಿ" ಶಬರಿಯ ಬಾಯಿಂದಲೇ ಬಂದಂತೆ ರೆಕಾರ್ಡ್ ಆಗುತ್ತದೆ. ಇಷ್ಟೆಲ್ಲ ವ್ಯವಸ್ಥೆ ಚಂದ ಇತ್ತು. ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟು:

```
00:01:12:08  ಶಬರಿ: ರಾಮಾ, / ಕಡದ ನೋಡೇನಪಾ, // ಸಕ್ಕರಿ ಆಗೇತಿ.
00:01:16:00  ಮುಗಿತಾಯ
```

ಎಡಕ್ಕಿರುವುದು ಗಂಟೆ, ನಿಮಿಷ, ಸೆಕೆಂಡು, ಫ್ರೇಮ್. ಒಂದು ಗೀಟೆಂದರೆ 6 ಫ್ರೇಮ್ ತಡೆ, ಎರಡು ಗೀಟೆಂದರೆ 12. ಎಲ್ಲ ಕೂಡಿ 88 ಫ್ರೇಮ್, ಅಂದರೆ ನಾಲ್ಕು ಸೆಕೆಂಡಿಗೂ ತುಸು ಕಡಿಮೆ. ಅಜ್ಜಿಗೆ ಇದನ್ನೆಲ್ಲ ವಿವರಿಸಿ ಹೇಳಿದರು. ಆಕೆ ಶಾಂತವಾಗಿ ಕೇಳಿ, "ಅಂದರ ಗೀಟಿಗೆ ಒಂದ ಚಿಟಿಕಿ, ಎರಡ ಗೀಟಿಗೆ ಎರಡ ಚಿಟಿಕಿ. ಅಷ್ಟ ಅಲ್ಲ ತಮ್ಮಾ?" ಎಂದರು. ಸಾಹೇಬರಿಗೆ ತುಸು ನಿರಾಸೆಯಾಯಿತು. ಅವರ ವಿದ್ಯೆ ಇಷ್ಟು ಬೇಗ ಯಾರಿಗೂ ತಿಳಿಯಬಾರದು.

ಆಟ ಶುರುವಾಯಿತು. ಸಾಹೇಬರು ಇಲ್ಲಿ ಚಿತ್ರ ಓಡಿಸಿ, ಸರಿಯಾದ ಜಾಗಕ್ಕೆ "ಹೂಂ" ಅನ್ನುವುದು, ಅಜ್ಜಿ ಅಲ್ಲಿ ಮಾತಾಡುವುದು. ಮೊದಲ ಸಲ ಮಾತು ಮುಗಿದದ್ದು ಒಂದೂವರೆ ಸೆಕೆಂಡು ತಡವಾಗಿ. "ಅವ್ವಾರ, ಇನ್ನೊಮ್ಮಿ. ಸ್ವಲ್ಪ ಲಗೂನ." ಮತ್ತೂ ತಡ. "ಇನ್ನೊಮ್ಮಿ." ಅಜ್ಜಿ ರೈಲು ಬಿಟ್ಟಂತೆ ಹೇಳಿ ಮುಗಿಸಿದರು. ಭಕ್ತಿ ಹಾರಿಹೋಗಿ ಶಬರಿ ಬಸ್‌ಸ್ಟ್ಯಾಂಡಿನಲ್ಲಿ ಬಾರಿಹಣ್ಣು ಮಾರಿದಂತಾಯಿತು. "ಅವ್ವಾರ, ಈಗ ಭಾವನಾ ಕಮ್ಮಿ ಆತು. ಇನ್ನೊಮ್ಮಿ, ಭಾವನಾ ಇರ್ಲಿ, ಲಗೂನೂ ಇರ್ಲಿ, ವಯಸ್ಸೂ ಕಾಣ್ಲಿ."

ಈ ತಳಿಯ ನಿರ್ದೇಶಕರ ಮುಖ್ಯ ಲಕ್ಷಣವೇ ಇದು. ಒಂದು ಟೇಕಿಗೂ ಇನ್ನೊಂದಕ್ಕೂ ನಡುವೆ ಏನು ಬದಲಾಗಬೇಕು ಎಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಾರೆ. ಒಮ್ಮೆಗೆ ಒಂದೇ ಮಾತು ಹೇಳಿ ನೋಡಲಿ: "ಎರಡ ಗೀಟಿನ ಹತ್ರ ಹಣ್ಣಿನ ರುಚಿ ನಾಲಿಗಿಗೆ ಬರ್ಲಿ." ನಟರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. "ಭಾವನಾ" ಎಂದರೆ ಅದು ಕೆಲಸವಲ್ಲ, ಬೈಗುಳ. ಅದಕ್ಕೂ ಕೆಟ್ಟದ್ದೆಂದರೆ ತಾವೇ ಮಾತನ್ನು ಆಡಿ ತೋರಿಸುವುದು. ಅಂದು ಮಾಳಿಗೆಯ ಮೇಲಿಂದ "ರಾಮಾ!" ಎಂದು ಸಾಹೇಬರು ಹೆಣ್ಣುದನಿಯಲ್ಲಿ ಕೂಗಿದ್ದು ನನ್ನ ಮಗ್ಗದ ಮನೆಗೂ ಕೇಳಿಸಿತು. ಕೆಳಗೆ ರಾಮಣ್ಣನೆಂಬ ನಮ್ಮ ಕೆಲಸದ ಆಳು "ಬಂದೆ ಬಂದೆ" ಎಂದು ಅರ್ಧ ಮೆಟ್ಟಿಲು ಏರಿದ್ದ.

ಕೊನೆಗೆ ಬಾಯಿ ಹಾಕಿದವನು ಮೊಮ್ಮಗ. "ಅಣ್ಣಾರ, ಒಂದ ಕೆಲಸ ಮಾಡೂಣು. ನೀವೂ ನಾವೂ ಕೂಡೇ ಒಂದ, ಎರಡ, ಮೂರ ಎಣಸೂಣು." ಎಣಿಸಿದರು. ಸಾಹೇಬರಿಗೆ ಹುಡುಗ ಹಿಂದೆ ಬಿದ್ದಂತೆ ಕೇಳಿಸಿತು, ಹುಡುಗನಿಗೆ ಸಾಹೇಬರು ಹಿಂದೆ ಬಿದ್ದಂತೆ ಕೇಳಿಸಿತು. ಇಬ್ಬರೂ ಸರಿಯಾಗಿಯೇ ಎಣಿಸುತ್ತಿದ್ದರು. ಇಲ್ಲಿನ ದನಿ ಅಲ್ಲಿಗೆ ಮುಟ್ಟಲು ಕಾಲು ಸೆಕೆಂಡು, ಅಲ್ಲಿಂದ ತಿರುಗಿ ಬರಲು ಮತ್ತೆ ಕಾಲು ಸೆಕೆಂಡು. ಅಂದರೆ ಸಾಹೇಬರ "ಹೂಂ" ಕಿವಿಗೆ ಬಿದ್ದೊಡನೆ ಅಜ್ಜಿ ಬಾಯಿ ತೆರೆದರೂ ಇಲ್ಲಿ 12 ಫ್ರೇಮ್ ತಡವಾಗಿಯೇ ಕೇಳುತ್ತದೆ. ಅದು ಅಜ್ಜಿಯ ತಪ್ಪಲ್ಲ. ಕಾಲಿನಲ್ಲಿ ಕೇಳಿ ಭಾವ ತೂಗಬಹುದು, ಸಮಯ ಅಳೆಯಬಾರದು.

ಉಪಾಯ ಸರಳವಿತ್ತು. ಆ ಒಂದು ಮಾತಿನ ಚಿತ್ರದ ತುಣುಕನ್ನೇ ಅಜ್ಜಿಯ ಕಡೆ ಕಳಿಸುವುದು. ಮೊದಲು ಸೆಕೆಂಡಿಗೊಂದರಂತೆ ಮೂರು "ಟುಂಯ್" ಸದ್ದು, ನಾಲ್ಕನೆಯದು ಕೇಳಬೇಕಾದ ಜಾಗದಲ್ಲಿ ಸದ್ದಿಲ್ಲ, ಅಲ್ಲಿಂದ ಮಾತು. ಹುಡುಗ ಅಲ್ಲಿಯೇ ತುಣುಕು ಓಡಿಸಿದ, ಅಜ್ಜಿ ಅದನ್ನು ನೋಡಿ ಹೇಳಿದರು. ಒಂದೇ ಉಸಿರಿನ ಕೆಲಸದಂತೆ ಮೂರು ಬಗೆ ಬೆನ್ನುಬೆನ್ನಿಗೆ: ಒಂದು ಸಡಗರದ್ದು, ಒಂದು ಅಂಜಿದ್ದು, ಒಂದು ತಾಯಿ ಮಗನಿಗೆ ಹೇಳಿದಂಥದ್ದು. ನಡುವೆ ಸಾಹೇಬರಿಗೆ ಬಾಯಿ ಹಾಕಲು ಜಾಗವಿರಲಿಲ್ಲ. ಫೈಲನ್ನು ವಾಟ್ಸಾಪಿನಲ್ಲಿ ದನಿ ಸಂದೇಶವಾಗಿ ಕಳಿಸದೆ ಡಾಕ್ಯುಮೆಂಟಾಗಿ ಕಳಿಸಿದ. ದನಿ ಸಂದೇಶ ಮಾಡಿದರೆ ಅದು ಹಿಂಡಿ ಹಿಪ್ಪೆಯಾಗುತ್ತದೆ. ಹೆಸರೂ ನೇಮದಂತೆ `SC04_L07_T09.wav`. ಪ್ರಸಂಗ 4, ಮಾತು 7, ಟೇಕು 9.

ಸಾಹೇಬರು ಅದನ್ನು ಚಿತ್ರದ ಮೇಲೆ ಕೂರಿಸಿದರು. ಮಾತು ಸರಿಯಾದ ಫ್ರೇಮಿಗೆ ಎತ್ತಿಕೊಂಡಿತ್ತು. ಆದರೆ ಮೊದಲ "ರಾಮಾ" ಬಿರಿದುಹೋಗಿತ್ತು. ಕಂಪನಿ ಕಂಠಕ್ಕೆ ಸಣ್ಣ ಮೈಕು ತಡೆದಿರಲಿಲ್ಲ. ಅಲೆಯ ತಲೆ ಕತ್ತರಿಸಿ ಸಪಾಟಾಗಿತ್ತು, ಅದನ್ನು ಆಮೇಲೆ ಪೂರ್ತಿ ಸರಿಪಡಿಸಲು ಬರುವುದಿಲ್ಲ. "ಅವ್ವಾರ, ಸಣ್ಣಗ ಹೇಳ್ರಿ" ಎಂದರು. ಸಣ್ಣಗೆ ಹೇಳಿದರೆ ಶಬರಿಗೆ ಜ್ವರ ಬಂದಂತಿತ್ತು. ಹುಡುಗ ಮೈಕನ್ನು ಒಂದು ಗೇಣು ದೂರ ಸರಿಸಿ, ತುಸು ಓರೆ ಇಟ್ಟ. ದನಿ ಇದ್ದಷ್ಟೇ ಇತ್ತು, ಬಿರಿಯಲಿಲ್ಲ. ಹಣ್ಣು ಕಡಿಯುವ ಸದ್ದಿಗೆ ಬಾರಿಹಣ್ಣು ಹಂಗಾಮಿಲ್ಲದ್ದರಿಂದ ಪೇರಲ ಹೋಳು ತಂದರು. ಅಜ್ಜಿ ನಾಲ್ಕು ಟೇಕು ಕಡಿದರು. ಐದನೆಯದಕ್ಕೆ ಪೇರಲ ಮುಗಿದಿತ್ತು. ಇನ್ನೊಮ್ಮಿ ಎನ್ನಲು ಸಾಹೇಬರಿಗೆ ಮೊದಲ ಸಲ ಬಾಯಿ ಬರಲಿಲ್ಲ.

ಇಷ್ಟಾದರೂ ಮಾತು ಅಳತೆಗಿಂತ 26 ಫ್ರೇಮ್ ಉದ್ದವಿತ್ತು, ಒಂದು ಸೆಕೆಂಡಿಗೂ ತುಸು ಹೆಚ್ಚು. ಸಾಹೇಬರು ಗೀಟನ್ನೇ ನೋಡುತ್ತ ಕುಳಿತರು. ಆ 88 ಫ್ರೇಮನ್ನು ಯಾವ ವಾಲ್ಮೀಕಿ ಬರೆದಿದ್ದ ಎಂದು ನಾನೊಮ್ಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಎಂದರು. ಚಿತ್ರದ ಕರಡು ಜೋಡಿಸುವಾಗ ಅಳತೆಗೆಂದು ಎಲ್ಲರ ಮಾತನ್ನೂ ತಾವೇ ಓದಿ ತುಂಬಿದ್ದರು. ಮೂವತ್ತೈದರ ಗಂಡಸು, ಕರೆಂಟ್ ಬರುವುದರೊಳಗೆ ಎಂಬ ಗಡಿಬಿಡಿಯಲ್ಲಿ ಶಬರಿಯನ್ನು ಓದಿದ್ದ. ಆ ಅವಸರವೇ ಗೀಟಾಗಿ, ಅಂಕಿಯಾಗಿ, ಅಜ್ಜಿಯ ಕೊರಳಿಗೆ ಬಿದ್ದಿತ್ತು.

ಕಾರ್ಟೂನಿನಲ್ಲಿ ಸಾಮಾನ್ಯವಾಗಿ ದನಿ ಮೊದಲು, ತುಟಿ ಆಮೇಲೆ. ದನಿ ಕೇಳಿಕೊಂಡೇ ಚಿತ್ರಗಾರರು "ಮ"ಕಾರಕ್ಕೆ ತುಟಿ ಮುಚ್ಚುತ್ತಾರೆ, "ಆ"ಕಾರಕ್ಕೆ ತೆರೆಯುತ್ತಾರೆ. ಚಿತ್ರವಿನ್ನೂ ಕರಡಿನಲ್ಲಿದ್ದರೆ 26 ಫ್ರೇಮ್ ಹಿಗ್ಗಿಸುವುದು ಎರಡು ನಿಮಿಷದ ಕೆಲಸ: ರಾಮ ತುಸು ಹೊತ್ತು ಹಣ್ಣು ನೋಡಿದರಾಯಿತು. ತುಟಿ ಬರೆದು ಮುಗಿದ ಮೇಲೆ, ಅಥವಾ ಬೇರೆ ಭಾಷೆಯ ಚಿತ್ರಕ್ಕೆ ಕನ್ನಡ ಕೂರಿಸುವಾಗ ಮಾತ್ರ ಗೀಟು ಕಬ್ಬಿಣದ್ದು. ಶಬರಿಯದು ಇನ್ನೂ ಕರಡು. ಸಾಹೇಬರು ಬೆಂಗಳೂರಿಗೆ ಫೋನು ಹಚ್ಚಿ, ಬಹಳ ಗಂಭೀರವಾಗಿ, "ನಿರ್ದೇಶಕರ ತೀರ್ಮಾನ: ಮುಗಿತಾಯ 00:01:17:02ಕ್ಕೆ" ಎಂದರು.

ಅಜ್ಜಿಯ ಮೂರು ಬಗೆಯಲ್ಲಿ ಯಾವುದನ್ನು ಇಟ್ಟರು ಎಂದು ಕೇಳಬೇಡಿ. ಎಲ್ಲ ಕೇಳಿ, ಪಟ್ಟಿ ಮಾಡಿ, ಅಂಕ ಹಾಕಿ, ಕೊನೆಗೆ ಇಟ್ಟದ್ದು ಎಲ್ಲಕ್ಕಿಂತ ಮೊದಲು ಹುಡುಗ ಮೈಕು ಸರಿ ಇದೆಯೇ ಎಂದು ನೋಡಲು ಹೇಳಿಸಿದ ಮಾತನ್ನು. ಆಗ ಅಜ್ಜಿಗೆ ಯಾರೂ ಭಾವನಾ ಎಂದಿರಲಿಲ್ಲ.

ಆಮೇಲೆ ಸರದಿ ಲಕ್ಷ್ಮಣನದು. ದನಿ ಕೊಡುವವನು ಸವದತ್ತಿಯ ಹುಡುಗ, ಸಿಟ್ಟಿನ ಮಾತಿಗೆಂದು ಬೆಳಿಗ್ಗೆಯಿಂದ ಬಿಸಿನೀರು ಕುಡಿದು ಕಾದಿದ್ದ. ಸ್ಕ್ರಿಪ್ಟಿನಲ್ಲಿ ಅವನಿಗಿದ್ದದ್ದು 11 ಫ್ರೇಮಿನ ಒಂದು "ಹ್ಞೂಂ". ಹೇಳಿದ.

"ಬಾಳ ಚಲೋ ಬಂತು ತಮ್ಮಾ," ಎಂದರು ಸಾಹೇಬರು. "ಆದರ ಇದು ಒಪ್ಪಿದ ಹ್ಞೂಂ ಆತು. ನನಗ ಅಣ್ಣ ಎಂಜಲ ತಿಂದಾನಂತ ಒಳಗ ಮುಜುಗರ, ಆದರೂ ಅಣ್ಣನ ಮಾತಿಗೆ ಎದುರಾಡಾಂಗಿಲ್ಲ, ಮ್ಯಾಲ ತನಗೂ ಹಸಿವು ಆಗೇತಿ, ಅಂಥಾ ಹ್ಞೂಂ ಬೇಕು."

"ಎಲ್ಲಾ 11 ಫ್ರೇಮಿನಾಗ ಏನ್ರೀ ಅಣ್ಣಾರ?"

ಅಷ್ಟರಲ್ಲಿ ಕರೆಂಟ್ ಬಂದು ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು. ಸಾಹೇಬರು ಏನೋ ಉತ್ತರ ಕೊಟ್ಟರು. ಕೇಳಿಸಲಿಲ್ಲ, ಆದರೆ ತುಟಿ ನೋಡಿ ಎಲ್ಲರಿಗೂ ತಿಳಿಯಿತು.