ಪುತ್ತೂರಿನ ಕೆಲಸವನ್ನು ಮಂಗಳೂರಲ್ಲಿ ಹುಡುಕು

ಪ್ರೀತಿಯ ಮಗಳೇ,

ಫೋನಿನಲ್ಲಿ ‘ಪುತ್ತೂರು’ ಎಂದು ಒತ್ತಿ ನೋಡಿ, ಊರಲ್ಲಿ ಕೆಲಸವೇ ಇಲ್ಲ ಎಂದು ಷರಾ ಬರೆಯಬೇಡ ಮಾರಾಯ್ತಿ. ಕ್ಯಾಂಪ್ಕೋ ಚಾಕಲೇಟು 1986ರಿಂದ ತಯಾರಾಗುವುದು ನಮ್ಮ ಕೆಮ್ಮಿಂಜೆಯಲ್ಲಿ. ಪ್ರಧಾನ ಕಚೇರಿ ಇರುವುದು ಮಂಗಳೂರಿನಲ್ಲಿ. ಹಾಗಾಗಿ ಹುಡುಕುವಾಗ ಊರಿನ ಹೆಸರಿಗಿಂತ ಕಚೇರಿಯ ವಿಳಾಸ ನೋಡು. ಮೊಟ್ಟೆತ್ತಡ್ಕದ ಗೇರು ಸಂಶೋಧನಾ ನಿರ್ದೇಶನಾಲಯದ್ದೂ ಅದೇ ಕಥೆ: ಕಾಯಂ ವಿಜ್ಞಾನಿಗಳ ಆಯ್ಕೆ ದೆಹಲಿಯ ಮಂಡಳಿಯದ್ದು, ಯೋಜನೆಗಳ ಗುತ್ತಿಗೆ ಹುದ್ದೆಗೆ ನೇರ ಸಂದರ್ಶನ ಇಲ್ಲೇ. ಸಂದರ್ಶನಕ್ಕೆ ಹೋಗುವ ಮುಂಚೆ ನಿನ್ನ ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಮಾಡಿಸಿಕೋ. ಘಟಿಕೋತ್ಸವದ ಫೋಟೋ ಸಾಲದು.

‘ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುತ್ತೇನೆ’ ಅನ್ನುತ್ತೀಯಾ? ಆಗಬಹುದು. ಆದರೆ ಸುಳ್ಯ, ಕಡಬದ ಕಡೆ ಆಟಿಯ ಮಳೆಗೆ ಕರೆಂಟು ಹೋದರೆ ಮೀಟಿಂಗು ಕಾಯುವುದಿಲ್ಲ. ಮೊದಲ ಸಂಬಳಕ್ಕೆ ಮುಂಚೆ ಇನ್ವರ್ಟರ್ ತಗೋ.

ನಿನ್ನ ಚಿಕ್ಕಮ್ಮ