ಬಾನಿಗೆ ಬಣ್ಣ ಬಳಿದ ಪ್ರಾಸ

ವಿಜ್ಞಾನ ದಿನವಾದ ಫೆಬ್ರವರಿ 28 ಹತ್ತಿರವಾದಂತೆ ಶಾಲೆಗಳಲ್ಲಿ ಇಬ್ಬರಿಗೆ ಬೇಡಿಕೆ ಏರುತ್ತದೆ: ಜ್ವಾಲಾಮುಖಿಯ ಮಾದರಿ ಮಾಡಬಲ್ಲವರಿಗೆ ಮತ್ತು ವಿಜ್ಞಾನದ ಮೇಲೆ ಪದ್ಯ ಹೊಸೆಯಬಲ್ಲವರಿಗೆ. ಪದ್ಯಕ್ಕೆ ವಸ್ತು ಹುಡುಕುವ ಕಷ್ಟವಿಲ್ಲ. ಮೊದಲ ಚರಣದಲ್ಲಿ ಮಗು 'ಬಾನು ಯಾಕೆ ನೀಲಿ?' ಎನ್ನುತ್ತದೆ, ಎರಡನೆಯದರಲ್ಲಿ ಅಮ್ಮ ಉತ್ತರ ಹೇಳುತ್ತಾಳೆ, ಮೂರನೆಯದರಲ್ಲಿ ಸಿ.ವಿ. ರಾಮನ್ ಪೇಟ ಸುತ್ತಿಕೊಂಡು ಬರುತ್ತಾರೆ, ನಾಲ್ಕನೆಯದು ಚಪ್ಪಾಳೆಗೆ. ನನ್ನ ತಕರಾರು ಎರಡನೇ ಚರಣದ ಮೇಲೆ. ಅಲ್ಲಿ 'ಕಡಲು' ಎಂದು ಬರೆದರೆ 'ಒಡಲು' ತಾನಾಗಿಯೇ ಓಡಿಬರುತ್ತದೆ. ಬಂದ ಮೇಲೆ ಕಡಲಿನ ನೀಲಿ ಬಾನಿನ ಒಡಲಿಗೆ ಅಂಟದೆ ಗತಿಯಿಲ್ಲ. ಪ್ರಾಸ ತೇಲುತ್ತದೆ, ವಿಜ್ಞಾನ ಮುಳುಗುತ್ತದೆ. ಕೆಳಗಿನ ಬಣ್ಣವೇ ಮೇಲೆ ಕಾಣುವುದಾದರೆ ಸಮುದ್ರದ ಸುಳಿವೇ ಇಲ್ಲದ ಕಲಬುರಗಿಯ ಬಾನು ಎರೆಭೂಮಿಯ ಹಾಗೆ ಕಪ್ಪಗಿರಬೇಕಿತ್ತು. ಅಲ್ಲಿಯೂ ಅದು ನೀಲಿಯೇ.

'ಮಕ್ಕಳ ಪದ್ಯಕ್ಕೆ ಇಷ್ಟು ಬಿಗಿ ಯಾಕೆ? ಚಂದ್ರನನ್ನು ಮಾಮ ಅನ್ನುವುದಿಲ್ಲವೇ?' ಎಂದು ಕೇಳಬಹುದು. ಅನ್ನುತ್ತೇವೆ, ಆದರೆ ಆ ಮಾಮ ಬೇಸಿಗೆ ರಜೆಗೆ ಚೀಲ ಹಿಡಿದು ಬರುತ್ತಾನೆಂದು ಯಾವ ಮಗುವೂ ಬಾಗಿಲಲ್ಲಿ ಕಾಯುವುದಿಲ್ಲ. ಅದು ಆಟವೆಂದು ಎರಡೂ ಕಡೆಯವರಿಗೆ ಗೊತ್ತು. 'ಯಾಕೆ' ಎಂದು ಕೇಳಿದ ಮಗು ಆಡುತ್ತಿಲ್ಲ. ಕೊಟ್ಟ ಉತ್ತರವನ್ನು ನಂಬಿ ಪರೀಕ್ಷೆಯಲ್ಲೂ ಬರೆಯುತ್ತದೆ.

ಇನ್ನೊಂದು ಆಕ್ಷೇಪ, ಕಡಲಿಲ್ಲದೆ ರಾಮನ್ ಅವರನ್ನು ಪದ್ಯದೊಳಕ್ಕೆ ತರುವುದು ಹೇಗೆ ಎಂಬುದು. ತಮಾಷೆ ಇರುವುದೇ ಇಲ್ಲಿ. ಬಾನಿನ ನೀಲಿಯೇ ಸಮುದ್ರದಲ್ಲಿ ಪ್ರತಿಫಲಿಸುತ್ತದೆ ಎಂದು ಹೇಳಿದವರು ಬ್ರಿಟನ್ನಿನ ಲಾರ್ಡ್ ರ್‍ಯಾಲೆ. 1921ರಲ್ಲಿ ಮೆಡಿಟರೇನಿಯನ್ ದಾಟುವ ಹಡಗಿನಲ್ಲಿ ರಾಮನ್ ಒಂದು ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಅದು ತಡೆಯುತ್ತದೆ. ತಡೆದರೂ ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಹಾಗಾಗಿ ಬಾನಿನ ಬಣ್ಣ ಕಡಲಿಗೆ ಬಂತೆಂಬ ಮಾತೇ ಸಾಲದಾಯಿತು. ನಮ್ಮ ಪದ್ಯವೋ ಅದನ್ನು ತಲೆಕೆಳಗು ಮಾಡಿ, ರ್‍ಯಾಲೆಯೂ ಹೇಳದ, ರಾಮನ್ ಅವರೂ ಒಪ್ಪದ ಮಾತನ್ನು ಅವರದೇ ಹಬ್ಬದಲ್ಲಿ ಹಾಡಿಸುತ್ತದೆ. ಬಾನು ನೀಲಿಯಾದದ್ದು ರಾಮನ್ ಪರಿಣಾಮದಿಂದಲೂ ಅಲ್ಲ. 1928ರ ಫೆಬ್ರವರಿ 28ರಂದು ಸಿಕ್ಕಿದ್ದು, ಅಣುಗಳಿಗೆ ತಾಗಿದ ಬೆಳಕಿನ ಅತಿ ಸಣ್ಣ ಪಾಲು ಬಣ್ಣವನ್ನೇ ಬದಲಿಸಿಕೊಂಡು ಹೊರಬರುತ್ತದೆ ಎಂಬ ಸಂಗತಿ. ಬಾನಿನಲ್ಲಿ ನಾವು ನೋಡುವುದು ಬಣ್ಣ ಬದಲಿಸದೆ ಚೆದುರಿದ ಬೆಳಕನ್ನು. ಅದರ ಲೆಕ್ಕ ಬರೆದವರು, 1871ರಲ್ಲಿ, ಅದೇ ರ್‍ಯಾಲೆ. ಗಾಳಿಯ ಕಣಗಳು ಬೆಳಕಿನ ಅಲೆಗಿಂತ ತೀರ ಸಣ್ಣವು. ಅಂಥ ಕಣಗಳು ಗಿಡ್ಡ ಅಲೆಯನ್ನು ಹೆಚ್ಚು, ಉದ್ದ ಅಲೆಯನ್ನು ಕಡಿಮೆ ಚೆದುರಿಸುತ್ತವೆ. ಕೆಂಪು ಒಂದು ಪಾಲು ಚೆದುರಿದರೆ ನೀಲಿ ಸುಮಾರು ಆರು ಪಾಲು.

ಹಾಗಾದರೆ ನೇರಳೆಯ ಅಲೆ ನೀಲಿಗಿಂತಲೂ ಗಿಡ್ಡವಲ್ಲವೇ, ಬಾನು ನೇರಳೆಯಾಗಬೇಕಿತ್ತಲ್ಲ? ಪದ್ಯದ ಮಗು ಈ ಎರಡನೇ ಪ್ರಶ್ನೆ ಕೇಳದೆ ಸುಮ್ಮನಾಗುವುದೇ ನನ್ನ ದೊಡ್ಡ ಅಸಮಾಧಾನ. ನಿಜವಾದ ಮಕ್ಕಳು ಒಂದು 'ಯಾಕೆ'ಗೆ ಎಂದೂ ನಿಲ್ಲುವವರಲ್ಲ. ಬಿಸಿಲಿನಲ್ಲಿ ನೇರಳೆಯ ಪಾಲು ಕಡಿಮೆ. ನಮ್ಮ ಕಣ್ಣಿಗೂ ಅದು ಮಂದ. ಅಂದರೆ ಬಾನಿನ ಬಣ್ಣದಲ್ಲಿ ಅರ್ಧ ಬಾನಿನ ಕೆಲಸ, ಅರ್ಧ ಕಣ್ಣಿನದು. 'ಇಷ್ಟೆಲ್ಲ ಪ್ರಾಸಕ್ಕೆ ಕೂರುವುದಿಲ್ಲ' ಎನ್ನುವುದು ಕೊನೆಯ ಆಕ್ಷೇಪ. ಆದರೆ ಕನ್ನಡ ಇಲ್ಲಿ ಎಷ್ಟು ಉದಾರಿ ನೋಡಿ: ಬಣ್ಣ, ಸಣ್ಣ, ಕಣ್ಣು. ಪ್ರಶ್ನೆ, ಅದರ ಉತ್ತರ, ಆ ಉತ್ತರಕ್ಕೆ ಬೇಕಾದ ತಿದ್ದುಪಡಿ, ಮೂರೂ ಒಂದೇ ಪ್ರಾಸದಲ್ಲಿ ಸಾಲಾಗಿ ನಿಂತಿವೆ.

ಬಣ್ಣ ಬಳಿದವರಾರಮ್ಮ ಬಾನಿಗೆ?
ಸಣ್ಣ ಕಣ ಚೆಲ್ಲಿದ ಬೆಳಕದು, ಕಂದ.
ಕಣ್ಣಿಗೆ ನೇರಳೆ ಕಾಣದು ಯಾಕೆ?
ಅಣ್ಣನ ಕೇಳೋ, ಉಕ್ಕಿತು ಹಾಲು!

ಕವಿತೆಯಾಗಿ ಇದಕ್ಕೆ ಬಹುಮಾನ ಬರಲಿಕ್ಕಿಲ್ಲ. ಆದರೆ ಇದರ ಅಮ್ಮ ಸುಳ್ಳು ಹೇಳಿಲ್ಲ, ಮಗು ಪ್ರಶ್ನೆ ನಿಲ್ಲಿಸಿಲ್ಲ, ಉಕ್ಕಿದ ಹಾಲೂ ವ್ಯರ್ಥವಲ್ಲ. ಗಾಜಿನ ಲೋಟದ ನೀರಿಗೆ ಕೆಲವೇ ತೊಟ್ಟು ಹಾಲು ಬೆರೆಸಿ, ಕತ್ತಲ ಕೋಣೆಯಲ್ಲಿ ಒಂದು ಪಕ್ಕದಿಂದ ಟಾರ್ಚ್ ಬಿಡಿ. ಬೆಳಕು ಸಾಗುವ ದಾರಿಗೆ ಅಡ್ಡಲಾಗಿ ನಿಂತು ನೋಡಿದವರಿಗೆ ನೀರು ತುಸು ನೀಲಿ, ಟಾರ್ಚಿಗೆ ಎದುರಾಗಿ ನೋಡಿದವರಿಗೆ ಬೆಳಕು ಸಂಜೆಯ ಸೂರ್ಯನಂತೆ ಹಳದಿಗೆಂಪು. ಪದ್ಯ ಓದಿದ ಮೇಲೆ ವೇದಿಕೆಯ ಮೇಲೆಯೇ ಇದನ್ನು ಮಾಡಿ ತೋರಿಸಬಹುದು. ಹಾಲನ್ನು ಮಾತ್ರ ಧಾರಾಳವಾಗಿ ಸುರಿಯಬೇಡಿ. ಆಗ ನೀರೆಲ್ಲ ಬೆಳ್ಳಗಾಗಿ, ಮಗು 'ಮೋಡ ಯಾಕೆ ಬಿಳಿ?' ಎಂದು ಶುರುಮಾಡುತ್ತದೆ. ಅದಕ್ಕೆ ಮುಂದಿನ ಫೆಬ್ರವರಿಯವರೆಗೆ ಕಾಯಬೇಕಾದೀತು.